ಮೂರು ವರ್ಷದ ಮಾಸ್ಟರ್ಸ್ ನಿಧಿ: ಎಷ್ಟು ಯೂರೋ, ಎಷ್ಟು ನಮ್ಮ ಕರೆನ್ಸಿ?

ಶುರುವಿನ ಲೆಕ್ಕ

ಮೂರು ವರ್ಷದ ಮೇಲೆ ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡಲು ಕೂಡಿಟ್ಟಿರುವ ಹಣವನ್ನು ಎಲ್ಲಿ, ಯಾವ ಕರೆನ್ಸಿಯಲ್ಲಿ ಇಡುತ್ತಿದ್ದೇನೆ ಎನ್ನುವುದರ ದಾಖಲೆ ಇದು. ಬಡ್ಡಿ ಎಷ್ಟು ಸಿಗುತ್ತದೆ ಎಂದು ಹುಡುಕುವ ಮೊದಲು ಒಂದು ಹಾಳೆಯಲ್ಲಿ ಖರ್ಚುಗಳನ್ನು ಬರೆದುಕೊಂಡೆ. ಪ್ರತಿ ಖರ್ಚಿನ ಮುಂದೆ ಎರಡೇ ಕಾಲಂ: ಯಾವ ಕರೆನ್ಸಿ, ಯಾವ ತಿಂಗಳು.

ಮೊದಲ ಸಾಲೇ ದೊಡ್ಡದು. ವಿದ್ಯಾರ್ಥಿ ವೀಸಾಕ್ಕೆ ಮೊದಲ ವರ್ಷದ ಜೀವನವೆಚ್ಚವನ್ನು ತೋರಿಸಬೇಕು. ಹೆಚ್ಚಿನವರು ಅದನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಖಾತೆಯಲ್ಲಿ, ಇಟ್ಟು ತೋರಿಸುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ, ಅಂದರೆ ತಿಂಗಳಿಗೆ 992. ಇದೇ ಮೊತ್ತ 2018ರಲ್ಲಿ 8,640 ಇತ್ತು. ವಿನಿಮಯ ದರ ಒಂದಿಷ್ಟೂ ಅಲುಗಾಡದೆ ನಿಂತಿದ್ದರೂ ಗುರಿಯೇ ಸುಮಾರು ಶೇ. 38ರಷ್ಟು ಮುಂದೆ ಓಡಿದೆ. ಎಲ್ಲರೂ ಕರೆನ್ಸಿಯ ಬಗ್ಗೆ ತಲೆಕೆಡಿಸಿಕೊಳ್ಳುತ್ತಾರೆ, ಇದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡು ವರ್ಷಕ್ಕೆ ಇಂದಿನ ಮೊತ್ತದಲ್ಲೇ 23,808 ಯೂರೋ. ನಾನು ನೋಡುತ್ತಿರುವ ಕೋರ್ಸುಗಳಲ್ಲಿ ಕೆಲವು ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದವು. ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಅಲ್ಲಿ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕ, ನಾಲ್ಕು ಸೆಮಿಸ್ಟರ್‌ಗೆ 6,000. ಪ್ರಯಾಣ, ಮನೆ ಅಡ್ವಾನ್ಸ್, ವೀಸಾ ಮೊತ್ತ ಮತ್ತೆ ಏರಿದರೆ ಇರಲಿ ಎಂದು ಒಂದಿಷ್ಟು, ಎಲ್ಲ ಸೇರಿ ಗುರಿ 34,000 ಯೂರೋ ಎಂದು ಬರೆದೆ.

ಕೈಯಲ್ಲಿದ್ದದ್ದು ನಮ್ಮ ಕರೆನ್ಸಿಯಲ್ಲಿ 24 ಲಕ್ಷ, ಜೊತೆಗೆ ತಿಂಗಳಿಗೆ 25,000 ಉಳಿತಾಯ. ಲೆಕ್ಕ ಸುಲಭವಾಗಲಿ ಎಂದು ಶುರುವಿನ ದಿನದ ಯೂರೋ ದರವನ್ನು 100 ಎಂದು ಹಿಡಿದು ಮಿಕ್ಕಿದ್ದೆಲ್ಲವನ್ನೂ ಅದಕ್ಕೆ ಹೊಂದಿಸಿ ಬರೆಯುತ್ತಿದ್ದೇನೆ. ಅಲ್ಲಿಗೆ ಶುರುವಿನಲ್ಲಿ ಕೈಯಲ್ಲಿದ್ದದ್ದು ಗುರಿಯ ಶೇ. 71.

ಷೇರು ಬೇಡ ಎನ್ನುವ ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಸ್&ಪಿ 500 ಸೂಚ್ಯಂಕ 2000ದ ಮಾರ್ಚ್‌ನಿಂದ 2002ರ ಅಕ್ಟೋಬರ್‌ವರೆಗೆ ಹತ್ತಿರಹತ್ತಿರ ಅರ್ಧಕ್ಕೆ ಇಳಿದಿತ್ತು. ನನಗಿರುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ.

ಬಡ್ಡಿ ಜಾಸ್ತಿ ಇರುವ ಕಡೆ ಇಟ್ಟರೆ ಸಾಲದೇ?

ಸ್ನೇಹಿತ ಕೇಳಿದ ಪ್ರಶ್ನೆ ನ್ಯಾಯವಾದದ್ದೇ: "ಇಲ್ಲಿ 7 ಪರ್ಸೆಂಟ್ ಬರುತ್ತೆ, ಯೂರೋದಲ್ಲಿ 2 ಪರ್ಸೆಂಟ್. ಯೂರೋ ತಗೊಂಡು ಏನ್ ಮಾಡ್ತೀಯ ಮಾರಾಯ?"

ಹತ್ತು ಲಕ್ಷ ಹಿಡಿದು ನೋಡೋಣ. ಇಲ್ಲೇ ಶೇ. 7ರಲ್ಲಿ ಮೂರು ವರ್ಷ ಇಟ್ಟರೆ 12.25 ಲಕ್ಷ. ಇವತ್ತೇ 10,000 ಯೂರೋ ಕೊಂಡು ಶೇ. 2ರಲ್ಲಿ ಇಟ್ಟರೆ 10,612 ಯೂರೋ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 115.4. ಮೂರು ವರ್ಷದ ಮೇಲೆ ಯೂರೋ ಇದಕ್ಕಿಂತ ಕೆಳಗಿದ್ದರೆ ಇಲ್ಲಿ ಇಟ್ಟವರು ಗೆದ್ದರು, ಮೇಲಿದ್ದರೆ ಯೂರೋ ಕೊಂಡವರು ಗೆದ್ದರು. ಬಡ್ಡಿ ಹೆಚ್ಚಿರುವ ಕರೆನ್ಸಿ ಆ ವ್ಯತ್ಯಾಸದಷ್ಟೇ ಸವಕಳಿಯಾಗಬೇಕು ಎನ್ನುತ್ತದೆ ಪುಸ್ತಕದ ಸಿದ್ಧಾಂತ. ಮೂರು ವರ್ಷದಂಥ ಅವಧಿಯಲ್ಲಿ ಕರೆನ್ಸಿಗಳು ಆ ಮಾತು ಕೇಳುವುದು ಅಪರೂಪ.

115.4 ಮುಟ್ಟುತ್ತದೋ ಇಲ್ಲವೋ ಎಂದು ಊಹಿಸುವ ಗೋಜಿಗೆ ನಾನು ಹೋಗಿಲ್ಲ. ನನ್ನ ಲಾಭನಷ್ಟ ಎರಡೂ ಕಡೆ ಒಂದೇ ತೂಕದ್ದಲ್ಲ. ಯೂರೋ ಅಗ್ಗವಾಗಿ ಉಳಿದರೆ ನನ್ನ ಹತ್ತಿರ ಒಂದಷ್ಟು ಹಣ ಮಿಗುತ್ತದೆ, ಅಷ್ಟೇ. ದುಬಾರಿಯಾದರೆ ವೀಸಾ ಅರ್ಜಿ ಹಾಕುವುದಕ್ಕೇ ಹಣ ಸಾಲದು. ಅದೂ ದರ ನಿಧಾನಕ್ಕೆ ಏರುತ್ತದೆ ಎಂದೇನಿಲ್ಲ. 2015ರ ಜನವರಿ 15ರಂದು ಸ್ವಿಸ್ ಕೇಂದ್ರ ಬ್ಯಾಂಕ್ ಒಂದು ಯೂರೋಗೆ 1.20 ಫ್ರಾಂಕ್ ಎಂಬ ತನ್ನ ಮಿತಿಯನ್ನು ಮುನ್ಸೂಚನೆ ಇಲ್ಲದೆ ಕೈಬಿಟ್ಟಿತು, ಅದೇ ದಿನ ಫ್ರಾಂಕ್ ಯೂರೋಗೆ ಸರಿಸಮದ ಹತ್ತಿರ ಬಂದಿತ್ತು. ಆ ವಾರ ಸ್ವಿಸ್ ಫೀಸು ಕಟ್ಟಬೇಕಿದ್ದವರಿಗೆ ಸರಾಸರಿಯ ಮಾತು ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ.

ಹಾಗಾದರೆ ಪೂರ್ತಿ ಯೂರೋ ಯಾಕಲ್ಲ

ಎರಡು ಕಾರಣ. ಪ್ರವೇಶ ಇನ್ನೂ ಕೈಗೆ ಬಂದಿಲ್ಲ, ನೆದರ್‌ಲೆಂಡ್ಸ್ ಆದರೆ ಯೂರೋ ಸರಿ, ಬ್ರಿಟನ್ ಎಂದಾದರೆ ಪೌಂಡ್ ಬೇಕು. ನನ್ನ ಬ್ಯಾಂಕ್ ಮಾರುವ ದರಕ್ಕೂ ಕೊಳ್ಳುವ ದರಕ್ಕೂ ನಡುವೆ ಸುಮಾರು ಶೇ. 4ರ ಅಂತರವಿದೆ. ಕೊಂಡ ಯೂರೋವನ್ನು ವಾಪಸ್ ಮಾರಿದರೆ ಎರಡು ವರ್ಷದ ಯೂರೋ ಬಡ್ಡಿ ಅಲ್ಲಿಗೇ ಖತಂ.

ಎರಡನೆಯ ಕಾರಣ ಎರಡನೇ ವರ್ಷದ ಖರ್ಚು. ಜರ್ಮನಿಯಲ್ಲಿ ಹೊರಗಿನ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಆ ಸಂಬಳ ಯೂರೋದಲ್ಲೇ ಬರುತ್ತದೆ. ಯೂರೋ ದುಬಾರಿಯಾದರೆ ನನ್ನ ಉಳಿತಾಯದ ಬೆಲೆ ಇಳಿಯುತ್ತದೆ, ಆ ಸಂಬಳದ ಬೆಲೆ ಇಳಿಯುವುದಿಲ್ಲ. ಕೆಲಸ ಸಿಕ್ಕೇ ಸಿಗುತ್ತದೆ ಎಂದು ಗುರಿಯ ಮೊತ್ತದಿಂದ ಏನನ್ನೂ ಕಳೆದಿಲ್ಲ, ಆದರೆ ಎರಡನೇ ವರ್ಷದ ಪಾಲನ್ನು ಈಗಲೇ ಪರಿವರ್ತಿಸುವ ಆತುರವೂ ಇಲ್ಲ.

ಹೀಗಾಗಿ ಮೊದಲ ವರ್ಷದ ಖರ್ಚು, ಅಂದರೆ ಬ್ಲಾಕ್ಡ್ ಅಕೌಂಟ್, ಎರಡು ಸೆಮಿಸ್ಟರ್ ಶುಲ್ಕ ಮತ್ತು ಸ್ವಲ್ಪ ಅಂಚು ಸೇರಿ 16,000 ಯೂರೋ. ಇದನ್ನು ಎರಡು ವರ್ಷದಲ್ಲಿ, ಪ್ರತಿ ತ್ರೈಮಾಸಿಕ 2,000ದಂತೆ ಕೊಳ್ಳುವುದು. ದರ ನೋಡಿ ಮುಂದೂಡುವಂತಿಲ್ಲ ಎಂದು ಹಾಳೆಯ ಮೇಲೇ ಬರೆದಿದ್ದೇನೆ. ಉಳಿದದ್ದು ನಮ್ಮ ಕರೆನ್ಸಿಯಲ್ಲಿ, ಒಂದೊಂದು ಖರ್ಚಿನ ತಿಂಗಳಿಗೆ ತುಸು ಮೊದಲು ಅವಧಿ ಮುಗಿಯುವಂತೆ ಬಿಡಿಬಿಡಿ ಠೇವಣಿಗಳಲ್ಲಿ.

ಯೂರೋ ಕೊಂಡು ಎಲ್ಲಿಡುವುದು

ಹೆಚ್ಚು ಓದಿಸಿದ್ದು ಈ ಭಾಗ. ಸೀದಾ ದಾರಿ ಯೂರೋ ಠೇವಣಿ. ಐರೋಪ್ಯ ಒಕ್ಕೂಟದ ಬ್ಯಾಂಕಾದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಒಂದು ಲಕ್ಷ ಯೂರೋವರೆಗೆ ಠೇವಣಿ ಖಾತರಿ ಇದೆ, ನನ್ನ ಮೊತ್ತಕ್ಕೆ ಧಾರಾಳ. ಇನ್ನೊಂದು ದಾರಿ ಬಾಂಡ್ ಫಂಡ್. ಅಲ್ಲಿ ಎರಡು ಕಡೆ ಎಚ್ಚರ ಬೇಕು.

ಒಂದು ಫಂಡಿನ ಪುಟದ ಮೇಲೆ ದೊಡ್ಡದಾಗಿ EUR ಎಂದಿತ್ತು. ಕೆಳಗೆ ಹೋಗಿ ಏನೇನು ಕೊಂಡಿದೆ ಎಂದು ನೋಡಿದರೆ ಎಲ್ಲ ಅಮೆರಿಕ ಸರ್ಕಾರದ ಬಾಂಡುಗಳು. ಬೆಲೆಯನ್ನು ಯೂರೋದಲ್ಲಿ ತೋರಿಸಿದ ಮಾತ್ರಕ್ಕೆ ಒಳಗಿರುವ ಡಾಲರ್ ಯೂರೋ ಆಗುವುದಿಲ್ಲ. ಕರೆನ್ಸಿಯ ಏರಿಳಿತ ಒಳಗಿನ ಸಾಲಪತ್ರಗಳದ್ದು, ಹೊರಗಿನ ಚೀಟಿಯದ್ದಲ್ಲ. ಹೆಸರಲ್ಲೇ EUR Hedged ಎಂದಿದ್ದರೆ ಮಾತ್ರ ಆ ಅಪಾಯವನ್ನು ಫಂಡೇ ಮುಚ್ಚುತ್ತಿದೆ ಎಂದರ್ಥ, ಅದಕ್ಕೂ ಖರ್ಚಿದೆ. "ವಿದೇಶಿ ಕರೆನ್ಸಿ ಅಂದ್ರೆ ಡಾಲರ್ ತಾನೇ" ಎನ್ನುವವರಿಗೆ ಒಂದು ಮಾತು: 2021ರ ಜನವರಿಯಲ್ಲಿ ಒಂದು ಯೂರೋ 1.20 ಡಾಲರ್‌ಗಿಂತ ಮೇಲಿತ್ತು, 2022ರ ಸೆಪ್ಟೆಂಬರ್‌ನಲ್ಲಿ ಒಂದು ಡಾಲರ್‌ಗಿಂತ ಕೆಳಗೆ. ಎರಡು ವರ್ಷದೊಳಗೆ ಅಷ್ಟು ವ್ಯತ್ಯಾಸ.

ಎರಡನೆಯದು ಡ್ಯುರೇಷನ್, ಅಂದರೆ ಬಡ್ಡಿ ದರ ಬದಲಾದಾಗ ಬಾಂಡ್ ಬೆಲೆ ಎಷ್ಟು ಅಲುಗಾಡುತ್ತದೆ ಎನ್ನುವ ಅಳತೆ. ಇದು 8 ಇರುವ ಫಂಡ್‌ನಲ್ಲಿ ಮಾರುಕಟ್ಟೆ ಬಡ್ಡಿ ಒಂದು ಪರ್ಸೆಂಟ್ ಏರಿದರೆ ಬೆಲೆ ಸುಮಾರು ಶೇ. 8 ಬೀಳುತ್ತದೆ. "ಸರ್ಕಾರಿ ಬಾಂಡ್, ಸೇಫ್" ಎಂದು 2022ಕ್ಕೆ ಕಾಲಿಟ್ಟ ಎಷ್ಟೋ ಜನಕ್ಕೆ ಆದದ್ದು ಇದೇ. ನನಗೆ ಬೇಕಿರುವುದು ನಿರ್ದಿಷ್ಟ ತಾರೀಖಿಗೆ ಅಸಲು ಕೈಗೆ ಬರುವ ಬಾಂಡ್, ಅಥವಾ ಡ್ಯುರೇಷನ್ ಒಂದಕ್ಕಿಂತ ಕಡಿಮೆ ಇರುವ ಫಂಡ್. ಮೂರು ವರ್ಷ ಬಾಕಿ ಇರುವ ಬಾಂಡ್‌ನ ಬೆಲೆಯೂ ನಡುವೆ ಏರಿಳಿಯುತ್ತದೆ, ಆದರೆ ಮಾರದೆ ಕೂತರೆ ಕೊನೆಗೆ ಮುಖಬೆಲೆ ಸಿಗುತ್ತದೆ. ಸಾಮಾನ್ಯ ಫಂಡ್‌ನಲ್ಲಿ ಆ "ಕೊನೆ" ಎಂಬುದೇ ಇಲ್ಲ. ಹಳೆಯದು ಹೋಗಿ ಹೊಸದು ಬರುತ್ತಲೇ ಇರುತ್ತದೆ. ಸದ್ಯಕ್ಕೆ ಠೇವಣಿಯೇ ಸಾಕು ಎಂದುಕೊಂಡಿದ್ದೇನೆ. 16,000 ಯೂರೋದ ಮೇಲೆ ಅರ್ಧ ಪರ್ಸೆಂಟ್ ಹೆಚ್ಚು ಸಿಕ್ಕರೆ ವರ್ಷಕ್ಕೆ 80 ಯೂರೋ. ಅಷ್ಟಕ್ಕೆ ನಿದ್ದೆಗೆಡುವುದು ನನ್ನಿಂದಾಗದು.

ವರ್ಷ ತುಂಬಿದ ಮೇಲೆ

ನಾಲ್ಕು ಕಂತು ಮುಗಿದವು. ದರ 100, 103, 98, 104. ಒಟ್ಟು 8,000 ಯೂರೋಗೆ 8.1 ಲಕ್ಷ ಹೋಯಿತು. ಬಡ್ಡಿ ಸೇರಿ ಯೂರೋ ಖಾತೆಯಲ್ಲಿ 8,080, ಇಲ್ಲಿ ಸುಮಾರು 20.4 ಲಕ್ಷ. ಹಾಳೆಯಲ್ಲಿ ನಾನು ನೋಡುವುದು ಒಂದೇ ಸಂಖ್ಯೆ, ಗುರಿಯ ಎಷ್ಟು ಪಾಲು ಕೈಯಲ್ಲಿದೆ ಎನ್ನುವುದು:

```
=(B2+C2/D2)/E2
```

B2 ಯೂರೋ, C2 ನಮ್ಮ ಕರೆನ್ಸಿ, E2 ಗುರಿ. D2ನಲ್ಲಿ ಸುದ್ದಿಯಲ್ಲಿ ಬರುವ ದರ ಹಾಕಬಾರದು, ಬ್ಯಾಂಕ್ ನಮಗೆ ಮಾರುವ ದರವನ್ನೇ ಹಾಕಬೇಕು. ಇಲ್ಲದಿದ್ದರೆ ಇಲ್ಲದ ಹಣ ಇದ್ದಂತೆ ಕಾಣುತ್ತದೆ.

ದರ 104ಕ್ಕೆ ಬಂದ ಉತ್ತರ ಶೇ. 81.5. ಯೂರೋ ಕೊಳ್ಳದೆ ಎಲ್ಲವನ್ನೂ ಇಲ್ಲೇ ಇಟ್ಟಿದ್ದರೆ 28.8 ಲಕ್ಷ ಆಗಿರುತ್ತಿತ್ತು, ಅದೂ ಶೇ. 81.4. ಸ್ನೇಹಿತ ನಕ್ಕ, ಇಷ್ಟೆಲ್ಲ ಒದ್ದಾಡಿ ಬಂದದ್ದು ಇಷ್ಟೇನಾ ಎಂದು. ಅದೇ ಹಾಳೆಯಲ್ಲಿ D2ಗೆ 125 ಹಾಕಿ ತೋರಿಸಿದೆ. ನನ್ನದು ಶೇ. 72ಕ್ಕೆ ನಿಂತಿತು, ಅವನ ದಾರಿಯದು 68ಕ್ಕೆ ಇಳಿಯಿತು. ಅದಕ್ಕಿಂತ ಮುಖ್ಯವಾದದ್ದು, ವೀಸಾಕ್ಕೆ ಬೇಕಾದ 11,904ರಲ್ಲಿ 8,080 ಆಗಲೇ ಯೂರೋದಲ್ಲಿದೆ, ದರ ಎಲ್ಲಿಗೇ ಹೋದರೂ ಅದು ಕರಗುವುದಿಲ್ಲ. 90 ಹಾಕಿದಾಗ ಅವನ ದಾರಿ ಶೇ. 94, ನನ್ನದು 90. ಆ ನಾಲ್ಕು ಪರ್ಸೆಂಟ್ ಬಿಟ್ಟುಕೊಡಲು ನಾನು ತಯಾರಿದ್ದೇನೆ.

ಮುಂದೆ

ಇನ್ನು ನಾಲ್ಕು ಕಂತು ಬಾಕಿ. ವೀಸಾ ಮೊತ್ತ ಬದಲಾದರೆ E2 ತಿದ್ದಬೇಕು, ಆಗ ಕೊನೆಯ ಕಂತುಗಳು ದೊಡ್ಡವಾಗುತ್ತವೆ. ಪ್ರವೇಶ ಪತ್ರ ಬಂದ ದಿನವೇ ಎರಡನೇ ವರ್ಷದ ಶುಲ್ಕ 3,000 ಯೂರೋ ಕೂಡ ಕೊಳ್ಳುವುದು ಎಂದುಕೊಂಡಿದ್ದೇನೆ, ಅಲ್ಲಿಂದ ಮುಂದೆ ಅದು ಅನುಮಾನದ ಖರ್ಚಲ್ಲ. ಬ್ಲಾಕ್ಡ್ ಅಕೌಂಟ್‌ಗೆ ಕಳಿಸುವಾಗ ರವಾನೆ ಫಾರಂನಲ್ಲಿ ಶುಲ್ಕದ ಆಯ್ಕೆ OUR ಇರಬೇಕು, ಅಂದರೆ ಎಲ್ಲ ಶುಲ್ಕವೂ ಕಳಿಸುವವರದೇ. SHA ಇದ್ದರೆ ದಾರಿಯ ಬ್ಯಾಂಕುಗಳು ತಮ್ಮ ಪಾಲು ಮುರಿದುಕೊಂಡು 11,904ರ ಬದಲು 11,880 ತಲುಪಬಹುದು, ಮೊತ್ತ ಪೂರ್ತಿ ಬೀಳದೆ ವೀಸಾಕ್ಕೆ ಬೇಕಾದ ದೃಢೀಕರಣ ಪತ್ರ ಸಿಗದು. ಆ ಖಾತೆಗೆಂದು 100 ಯೂರೋ ಹೆಚ್ಚುವರಿಯಾಗಿ ಹಾಳೆಯಲ್ಲಿ ಬೇರೆ ಸಾಲಿನಲ್ಲಿ ಬರೆದಿಟ್ಟಿದ್ದೇನೆ.