ಹಪ್ಪಳದ ಆರ್ಡರ್ ಎಲ್ಲಿಂದ ಬಂತು: ಏಪ್ರಿಲ್–ಮೇ ದಾಖಲೆ

ಏಪ್ರಿಲ್ 2

ಮಾರ್ಚ್ ತಿಂಗಳ ಲೆಕ್ಕ ಹಿಡಿದು ಚಿಕ್ಕಪ್ಪನ ಮುಂದೆ ಕುಳಿತೆ. ಪೆರ್ಲದ ನಮ್ಮ ಮನೆಯ ಹಲಸಿನ ಹಪ್ಪಳಕ್ಕೆ ವೆಬ್‌ಸೈಟಿನಲ್ಲಿ 58 ಆರ್ಡರ್ ಬಂದಿದೆ. ಅನಾಲಿಟಿಕ್ಸ್ ವರದಿಯ ಪ್ರಕಾರ 31 ಗೂಗಲ್ ಹುಡುಕಾಟದಿಂದ, 19 ನೇರವಾಗಿ, 3 ಹಣ ಪಾವತಿಯ ತಾಣದಿಂದ. ಇನ್‌ಸ್ಟಾಗ್ರಾಮಿನಿಂದ ಬಂದದ್ದು ಬರೇ 5.

"ವಾರಕ್ಕೆ ಎರಡು ಬೆಳಗ್ಗೆ ನಿನ್ನ ಚಿಕ್ಕಮ್ಮ ಮೊಬೈಲಿನ ಮುಂದೆ ಕೂರುವುದು ಐದು ಆರ್ಡರಿಗೋ? ಆ ಹೊತ್ತಿಗೆ ಎಷ್ಟು ಹಪ್ಪಳ ಒತ್ತಬಹುದು" ಎಂದರು. ಇನ್‌ಸ್ಟಾಗ್ರಾಮಿಗೆ ಹಾಕುವ ರೀಲ್ ನಿಲ್ಲಿಸಿ, ಗೂಗಲ್‌ನಲ್ಲಿ ಜಾಹೀರಾತು ಕೊಡುವುದು ಅವರ ಸಲಹೆ. ಅಂಕಿಗಳನ್ನು ಮಾತ್ರ ನೋಡಿದರೆ ಅವರ ಮಾತೇ ಸರಿ. ನನಗೆ ಮಾತ್ರ ಸಮಾಧಾನವಾಗಲಿಲ್ಲ.

ಪಾವತಿಯ ತಾಣದ ಮೂರು ಆರ್ಡರ್‌ಗಳ ಒಗಟನ್ನು ಇವತ್ತೇ ಬಿಡಿಸಿದೆ. ಗ್ರಾಹಕರು ಹಣ ಕಟ್ಟಲು ಹೊರಗೆ ಹೋಗಿ ಮರಳಿದಾಗ, ಮರಳಿದ ದಾರಿಯೇ ಮೂಲವೆಂದು ದಾಖಲಾಗಿತ್ತು. ಆ ವಿಳಾಸವನ್ನು ಅನಗತ್ಯ ರೆಫರಲ್‌ಗಳ ಪಟ್ಟಿಗೆ ಸೇರಿಸಿದೆ.

ಏಪ್ರಿಲ್ 5

ಪೊಟ್ಟಣದಲ್ಲಿ ನಾಲ್ಕು ಹಪ್ಪಳ ಮುರಿದಿವೆ ಎಂದು ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದರು. ಕ್ಷಮೆ ಕೇಳಿ, ಬೇರೆ ಕಳಿಸುತ್ತೇನೆ ಎಂದ ಮೇಲೆ ಕೇಳಿದೆ: "ಅಮ್ಮಾ, ನಮ್ಮ ಹಪ್ಪಳದ ವಿಷಯ ನಿಮಗೆ ಹೇಗೆ ಗೊತ್ತಾಯಿತು?"

"ತಂಗಿ ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಕಳಿಸಿದ್ದಳು. ನಿಮ್ಮ ಮನೆಯವರು ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತುತ್ತಾರಲ್ಲ, ಅದನ್ನು ನೋಡಿ ನನ್ನ ಅಜ್ಜಿಯ ನೆನಪಾಯಿತು. ಒಂದು ವಾರದ ಮೇಲೆ ಹೆಸರು ಹುಡುಕಿ ತರಿಸಿದೆ."

ಅವರ ಆರ್ಡರ್ ಸಂಖ್ಯೆಯನ್ನು ವರದಿಯಲ್ಲಿ ತೆಗೆದು ನೋಡಿದೆ. ಅಲ್ಲಿದ್ದದ್ದು `google / organic`. ಅದು ಸುಳ್ಳೇನೂ ಅಲ್ಲ, ಅವರು ನಮ್ಮ ಬಾಗಿಲಿಗೆ ಬಂದದ್ದು ಗೂಗಲ್ ದಾರಿಯಲ್ಲೇ. ಆದರೆ ಆ ಬಾಗಿಲಿಗೆ ಹೋಗಬೇಕೆಂಬ ಮನಸ್ಸು ಹುಟ್ಟಿದ್ದು ಚಿಕ್ಕಮ್ಮನ ಕೈ ನೋಡಿದಾಗ. ವಿಡಿಯೊ ನೋಡಿದ ಕ್ಷಣ ನಮ್ಮ ಸೈಟಿನಲ್ಲಿ ಏನೂ ನಡೆದಿರಲಿಲ್ಲ. ನಡೆಯದ್ದನ್ನು ಅನಾಲಿಟಿಕ್ಸ್ ದಾಖಲಿಸುವುದಾದರೂ ಹೇಗೆ?

ಏಪ್ರಿಲ್ 9

ಕುರುಹು ಎಲ್ಲೆಲ್ಲಿ ಕಳಚಿಕೊಳ್ಳುತ್ತದೆ ಎಂದು ನಾನೇ ಎರಡು ಮೊಬೈಲಿನಲ್ಲಿ ಪರೀಕ್ಷಿಸಿದೆ.

ವಾಟ್ಸ್‌ಆ್ಯಪಿನಲ್ಲಿ ಬಂದ ಕೊಂಡಿಯನ್ನು ಒತ್ತಿದರೆ, ಎಲ್ಲಿಂದ ಬಂದೆವೆಂಬ ಮಾಹಿತಿ ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ. ಅದು `(direct) / (none)` ಆಗಿಬಿಡುತ್ತದೆ. ಇನ್‌ಸ್ಟಾಗ್ರಾಮಿನದು ಬೇರೆ ಕಥೆ. ಅಲ್ಲಿನ ಕೊಂಡಿ ಆ್ಯಪಿನ ಒಳಗಿನ ಬ್ರೌಸರಿನಲ್ಲೇ ತೆರೆಯುತ್ತದೆ. ಅದೇ ವ್ಯಕ್ತಿ ಮರುದಿನ ಕ್ರೋಮ್‌ನಲ್ಲಿ ಬಂದು ಕೊಂಡರೆ, ಬಂದವರನ್ನು ಗುರುತಿಸಲು ಬ್ರೌಸರಿನಲ್ಲಿ ಉಳಿಯುವ ಕುಕಿ ಅಲ್ಲಿ ಬೇರೆಯಾದ್ದರಿಂದ ವರದಿಗೆ ಅವರು ಹೊಸಬರು. ನಿನ್ನೆ ನೋಡಿದವರು ಏನೂ ಕೊಳ್ಳದೆ ಹೋದಂತೆ, ಇವತ್ತು ಇನ್ಯಾರೋ ಕೊಂಡಂತೆ ಕಾಣುತ್ತದೆ.

ಪ್ರೊಫೈಲಿನ ಕೊಂಡಿಗೆ ಗುರುತು ಹಚ್ಚಿದೆ:

```
?utm_source=instagram&utm_medium=social&utm_campaign=halasu
```

ಎಲ್ಲವನ್ನೂ ಸಣ್ಣ ಅಕ್ಷರದಲ್ಲೇ ಬರೆಯಬೇಕು. `Instagram` ಮತ್ತು `instagram` ವರದಿಯಲ್ಲಿ ಎರಡು ಬೇರೆ ಸಾಲುಗಳಾಗುತ್ತವೆ. ಆದರೆ ಈ ಗುರುತು ಕೊಂಡಿಯನ್ನು ಒತ್ತಿದವರನ್ನು ಮಾತ್ರ ಹಿಡಿಯುತ್ತದೆ, ನೋಡಿ ನೆನಪಿಟ್ಟುಕೊಂಡವರನ್ನಲ್ಲ. ಇದರಲ್ಲಿ ತಿರುಗುಬಾಣವೂ ಇದೆ: ಗುರುತು ಇರುವ ವಿಳಾಸವನ್ನು ಯಾರಾದರೂ ನಕಲಿಸಿ ಕುಟುಂಬದ ಗುಂಪಿಗೆ ಹಾಕಿದರೆ, ಇನ್‌ಸ್ಟಾಗ್ರಾಮ್ ಕಂಡೇ ಇಲ್ಲದ ಅತ್ತೆ, ಮಾವಂದಿರೆಲ್ಲ ಅದರ ಲೆಕ್ಕಕ್ಕೆ ಸೇರುತ್ತಾರೆ.

ಆದ್ದರಿಂದ ಆರ್ಡರ್ ಫಾರ್ಮಿನಲ್ಲೇ ಒಂದು ಪ್ರಶ್ನೆ ಸೇರಿಸಿದೆ: "ನಮ್ಮ ಹಪ್ಪಳವನ್ನು ಮೊದಲು ಎಲ್ಲಿ ನೋಡಿದಿರಿ ಅಥವಾ ಕೇಳಿದಿರಿ?" ಆಯ್ಕೆಗಳ ಪಟ್ಟಿ ಕೊಟ್ಟರೆ ಅವಸರದಲ್ಲಿರುವವರು ಮೊದಲ ಸಾಲನ್ನೇ ಒತ್ತಿ ಮುಂದೆ ಹೋಗುತ್ತಾರೆ. ಹಾಗಾಗಿ ಖಾಲಿ ಜಾಗ ಬಿಟ್ಟಿದ್ದೇನೆ. "ಮೊದಲು" ಎಂಬ ಪದ ಮುಖ್ಯ. ಅದಿಲ್ಲದಿದ್ದರೆ ಕೊನೆಯದಾಗಿ ಬಂದ ದಾರಿಯನ್ನೇ ಬರೆಯುತ್ತಾರೆ.

ಏಪ್ರಿಲ್ 20

ವಿಷು ಹಬ್ಬ ಮುಗಿಯಿತು. ಇಂದಿನಿಂದ ಎರಡು ವಾರ ಹೊಸ ರೀಲ್ ಇಲ್ಲ. ಜನರ ಉತ್ತರವನ್ನಷ್ಟೇ ನಂಬಿದರೆ ಸಾಲದು, ನೆನಪು ಕೈಕೊಡುತ್ತದೆ. ನಿಲ್ಲಿಸಿದಾಗ ಏನು ಕಡಿಮೆಯಾಗುತ್ತದೆ ಎಂಬುದನ್ನೂ ನೋಡಬೇಕು. ಚಿಕ್ಕಪ್ಪ ಒಪ್ಪಿದರು, ಚಿಕ್ಕಮ್ಮನಿಗೆ ಸ್ವಲ್ಪ ಬೇಸರವಾಯಿತು.

ಅಡ್ಡಿಯೊಂದಿದೆ. ಹಬ್ಬದ ನಂತರ ಆರ್ಡರ್ ಹೇಗೂ ಇಳಿಯುತ್ತದೆ. ರೀಲ್ ನಿಂತದ್ದರಿಂದ ಇಳಿಯಿತೋ, ಹಬ್ಬ ಮುಗಿದದ್ದರಿಂದ ಇಳಿಯಿತೋ ಎಂದು ಬೇರ್ಪಡಿಸಲು, ಗೂಗಲ್‌ನಲ್ಲಿ ಏನು ಹುಡುಕಿ ಜನ ನಮ್ಮ ಸೈಟಿಗೆ ಬಂದರೆಂದು ತೋರಿಸುವ ಸರ್ಚ್ ಕನ್ಸೋಲ್‌ನ ಹುಡುಕಾಟಗಳನ್ನು ಎರಡು ಪಾಲು ಮಾಡಿದೆ. ನಮ್ಮ ಮನೆಯ ಹೆಸರು ಹಾಕಿ ಹುಡುಕಿದವು ಒಂದು ಕಡೆ. ಬರೇ ಹಲಸಿನ ಹಪ್ಪಳ ಎಲ್ಲಿ ಸಿಗುತ್ತದೆ ಎಂದು ಹುಡುಕಿದವು ಇನ್ನೊಂದು ಕಡೆ. ಹಬ್ಬ, ಹಲಸಿನ ಕಾಲ, ಸಂಬಳದ ದಿನ ಇವೆಲ್ಲ ಎರಡೂ ಪಾಲನ್ನು ತಟ್ಟುತ್ತವೆ. ರೀಲ್ ಮುಖ್ಯವಾಗಿ ತಟ್ಟುವುದು ಮೊದಲ ಪಾಲನ್ನು: ನಮ್ಮ ಹೆಸರನ್ನು ಯಾರಾದರೂ ಬೆರಳಚ್ಚಿಸಬೇಕಾದರೆ ಅದನ್ನು ಮೊದಲೇ ಎಲ್ಲೋ ಕಂಡಿರಬೇಕು.

ಹೆಸರನ್ನು ಜನ ಹತ್ತು ಬಗೆಯಲ್ಲಿ ಬರೆಯುತ್ತಾರೆ. ಹಪ್ಪಳ ಎಂಬ ಒಂದು ಪದಕ್ಕೇ `happala`, `hapala`, `appala`, `happla` ಎಲ್ಲ ಕಂಡವು. ಅವನ್ನು ಒಟ್ಟಿಗೆ ಹಿಡಿಯಲು ಹಾಕಿದ ಸೋಸುಬಲೆ ಇದು, ಇದರ ಮುಂದೆ ಮನೆಯ ಹೆಸರಿಗೂ ಹೀಗೆಯೇ ಒಂದು:

```
h?app?a?l+a
```

ತೀರಾ ಅಪರೂಪದ ಹುಡುಕಾಟಗಳನ್ನು ಗೌಪ್ಯತೆಗಾಗಿ ಪಟ್ಟಿಯಲ್ಲಿ ತೋರಿಸುವುದಿಲ್ಲವಾದ್ದರಿಂದ ಸಾಲುಗಳ ಮೊತ್ತ ಮೇಲಿನ ಒಟ್ಟಿಗೆ ಹೊಂದುವುದಿಲ್ಲ. ವಾರದಿಂದ ವಾರಕ್ಕೆ ಹೋಲಿಸುತ್ತಿರುವುದರಿಂದ ಸದ್ಯಕ್ಕೆ ಅಡ್ಡಿಯಿಲ್ಲ.

ಮೇ 7

ಸರ್ಚ್ ಕನ್ಸೋಲ್‌ನ ಅಂಕಿ ಎರಡು ಮೂರು ದಿನ ತಡವಾಗಿ ಬರುತ್ತದೆ, ಅದಕ್ಕಾಗಿ ಕಾದೆ.

ಹೆಸರು ಹಾಕಿ ಹುಡುಕಿ ಬಂದ ಕ್ಲಿಕ್‌ಗಳು ವಿಷುವಿಗೆ ಮೊದಲಿನ ವಾರ 38, ವಿಷುವಿನ ವಾರ 52. ರೀಲ್ ನಿಲ್ಲಿಸಿದ ಮೊದಲ ವಾರ 33, ಎರಡನೆಯ ವಾರ 17. ಬರೇ ಹಪ್ಪಳ ಹುಡುಕಿದವರು ಅದೇ ನಾಲ್ಕು ವಾರ 22, 34, 23, 21. ಹಬ್ಬಕ್ಕೆ ಎರಡೂ ಏರಿದವು, ಹಬ್ಬ ಮುಗಿದ ಮೇಲೆ ಎರಡನೆಯದು ತನ್ನ ಹಳೆಯ ಮಟ್ಟಕ್ಕೆ ಬಂದು ನಿಂತಿತು. ಮೊದಲನೆಯದು ನಿಲ್ಲದೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಮೊದಲ ವಾರದಲ್ಲಿ ಅಷ್ಟು ಇಳಿಯದ್ದಕ್ಕೆ ಹಳೆಯ ರೀಲ್‌ಗಳು ಇನ್ನೂ ಕೈಯಿಂದ ಕೈಗೆ ಹೋಗುತ್ತಿದ್ದದ್ದೇ ಕಾರಣವಿರಬೇಕು. ಒಂದೇ ವಾರಕ್ಕೆ ಪರೀಕ್ಷೆ ಮುಗಿಸಿದ್ದರೆ ರೀಲಿನಿಂದ ಹೆಚ್ಚೇನೂ ಇಲ್ಲ ಎಂದು ತಪ್ಪಾಗಿ ತೀರ್ಮಾನಿಸುತ್ತಿದ್ದೆ.

ಫಾರ್ಮಿನ ಉತ್ತರಗಳೂ ಕೈಸೇರಿವೆ. ಏಪ್ರಿಲ್ 9ರಿಂದ ಬಂದ 52 ಆರ್ಡರ್‌ಗಳಲ್ಲಿ 41 ಮಂದಿ ಉತ್ತರ ಬರೆದಿದ್ದಾರೆ. 23 ಮಂದಿ ವಿಡಿಯೊ ಎಂದಿದ್ದಾರೆ. ಆ 23 ಆರ್ಡರ್ ಸಂಖ್ಯೆಗಳನ್ನು ಒಂದೊಂದಾಗಿ ವರದಿಯೊಂದಿಗೆ ತಾಳೆ ಹಾಕಿದೆ: 14 ಗೂಗಲ್ ಹುಡುಕಾಟ, 7 ನೇರ, 2 ಇನ್‌ಸ್ಟಾಗ್ರಾಮ್. ಒಬ್ಬರ ಉತ್ತರವನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ: "ಓಲಿ ಚಾಪೆಯಲ್ಲಿ ಹಪ್ಪಳ ಒಣಗಿಸುವವರ ವಿಡಿಯೊ, ಅಕ್ಕ ಕಳಿಸಿದ್ದು." ಇನ್ನೊಮ್ಮೆ ಓದಲು ಹೇಳಿದರು.

ಇಷ್ಟು ಕಡಿಮೆ ಸಂಖ್ಯೆಗಳಿಂದ ಒಂದು ರೀಲಿಗೆ ಇಷ್ಟು ರೂಪಾಯಿ ಎಂದು ಬೆಲೆ ಕಟ್ಟಲು ಆಗದು, ಉತ್ತರ ಬರೆಯದ 11 ಮಂದಿ ಯಾವ ಕಡೆಯವರೋ ತಿಳಿಯದು. ಆದರೆ ನಮ್ಮದೇ ಹೆಸರಿನ ಮೇಲೆ ಗೂಗಲ್ ಜಾಹೀರಾತು ಕೊಡುವ ಯೋಚನೆಯನ್ನು ಕೈಬಿಡಲು ಇಷ್ಟು ಸಾಕಾಯಿತು. ಆ ಹೆಸರು ಹುಡುಕುವವರು ಆಗಲೇ ನಮ್ಮಲ್ಲಿಗೆ ಹೊರಟವರು. ಅವರಿಗಾಗಿ ಹಣ ಕೊಟ್ಟರೆ ವರದಿಯಲ್ಲಿ ಜಾಹೀರಾತು ಚೆನ್ನಾಗಿ ಕಾಣುತ್ತದೆ, ಹಪ್ಪಳ ಹೆಚ್ಚು ಮಾರಾಟವಾಗುವುದಿಲ್ಲ.

ಮೇ 15

ರೀಲ್ ಮತ್ತೆ ಶುರುವಾದ ಮೊದಲ ವಾರದ ಅಂಕಿ ಬಂತು. ಹೆಸರಿನ ಹುಡುಕಾಟ 29ಕ್ಕೆ ಏರಿದೆ, ಬರೇ ಹಪ್ಪಳದ್ದು 20. ಇವತ್ತಿನ ರೀಲನ್ನು ಚಿಕ್ಕಪ್ಪನೇ ಹಿಡಿದರು: ಚಿಕ್ಕಮ್ಮ ಬಲಿತ ಕಾಯಿಯ ಸೊಳೆ ಬಿಡಿಸುವುದು, ಕೈಗೆ ಎಣ್ಣೆ ಹಚ್ಚಿಕೊಂಡು. ಮಳೆ ಹಿಡಿಯುವ ಮೊದಲು ಒಣಗಿಸಲು ಇನ್ನು ಎರಡು ವಾರ ಸಿಕ್ಕೀತು. ಮುಂದಿನ ಪರೀಕ್ಷೆಯನ್ನು ಹಬ್ಬವಿಲ್ಲದ ತಿಂಗಳಲ್ಲಿ, ನಾಲ್ಕು ವಾರ ನಡೆಸುತ್ತೇನೆ.