ಟೋಟಲ್ ನೋಡಿ ಮೇಡಂ

"ಟೋಟಲ್ ನೋಡಿ ಮೇಡಂ, ನೀವು ಕೇಳಿದ್ದಕ್ಕಿಂತ ಜಾಸ್ತೀನೇ ಇದೆ."

ಈ ವಾರವೆಲ್ಲ ಇದೇ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಹೇಳಿದವರು ನನಗೆ ಕೆಲಸದ ಆಫರ್ ಕೊಟ್ಟ ಹೊಸ ಕಂಪನಿಯ ಎಚ್‌ಆರ್. ಒರಟಾಗಿ ಹೇಳಲಿಲ್ಲ, ಖುಷಿಯಿಂದಲೇ ಹೇಳಿದರು. ಅವರು ಹೇಳಿದ್ದು ಸುಳ್ಳೂ ಅಲ್ಲ. ಅದಕ್ಕೇ ನನಗೆ ತಕ್ಷಣ ಏನು ಉತ್ತರ ಕೊಡಬೇಕೋ ತೋಚಲಿಲ್ಲ.

ಲೆಕ್ಕ ಸುಲಭವಾಗಲಿ ಅಂತ ನನ್ನ ಈಗಿನ ಫಿಕ್ಸೆಡ್ ಸಂಬಳ 100 ಎಂದುಕೊಳ್ಳಿ. ಮೊದಲ ಕರೆಯಲ್ಲೇ ನಾನು 120 ಕೇಳಿದ್ದೆ, ಫಿಕ್ಸೆಡ್ ಲೆಕ್ಕದಲ್ಲಿ ಅಂತ ಬಿಡಿಸಿಯೂ ಹೇಳಿದ್ದೆ. ಆಫರ್ ಲೆಟರ್‌ನ ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ 122 ಇತ್ತು. ಮೇಲಿನ ಸಾಲುಗಳನ್ನು ಓದಿದಾಗ ಗೊತ್ತಾಯಿತು: ಫಿಕ್ಸೆಡ್ 105, ವೇರಿಯಬಲ್ 12, ವಿಮೆ ಮತ್ತಿತರ ಸೌಲಭ್ಯಗಳ ಲೆಕ್ಕ 5. ಅಂದರೆ ತಿಂಗಳು ತಿಂಗಳು ಕೈಗೆ ಬರುವುದರಲ್ಲಿ ಏರಿಕೆ ನೂರಕ್ಕೆ ಐದು ಮಾತ್ರ. ವಿಮೆ ನನಗೆ ಈಗಲೂ ಇದೆ. ವೇರಿಯಬಲ್ ಅನ್ನೋದು ಕಂಪನಿಗೆ ಲಾಭ ಬಂದರೆ, ವರ್ಷ ಮುಗಿದ ಮೇಲೆ ಬರುವ ಹಣ.

ಫೋನಿನಲ್ಲಿ ನಾನು ಹೇಳಿದ್ದು ಇಷ್ಟೇ. "ಆಫರ್ ಬಂದಿದ್ದು ತುಂಬಾ ಖುಷಿ. ಲೆಟರ್ ಪೂರ್ತಿ ಓದಿ ನಾಳೆ ಸಂಜೆಯೊಳಗೆ ಮೇಲ್ ಮಾಡ್ತೀನಿ." ಜೊತೆಗೆ ಒಂದು ಪ್ರಶ್ನೆ ಕೇಳಿದೆ: "ಹೋದ ವರ್ಷ ಈ ವೇರಿಯಬಲ್‌ನಲ್ಲಿ ನೂರಕ್ಕೆ ಎಷ್ಟು ಕೊಟ್ಟಿದ್ದೀರಿ?" ಅವರು ವಿಚಾರಿಸಿ ಹೇಳ್ತೀನಿ ಅಂದರು, ಒಂದು ಗಂಟೆಯಲ್ಲಿ ಹೇಳಿಯೂ ಬಿಟ್ಟರು. ಎಪ್ಪತ್ತು. ಆಗ 12 ಎಂಟು ಚಿಲ್ಲರೆಗೆ ಇಳಿಯಿತು. ನಿಜವಾಗಿ ಕೈಗೆ ಬರುವುದು ಸುಮಾರು 113. ಇತ್ತ ನನ್ನ ಹಳೇ ಕೆಲಸದಲ್ಲಿ ಇನ್ನೆರಡು ತಿಂಗಳಲ್ಲಿ ಬರಬೇಕಾದ ವಾರ್ಷಿಕ ಬೋನಸ್ 8. ಈಗ ಬಿಟ್ಟರೆ ಅದು ಹೋಯಿತು. 108ರಿಂದ 113ಕ್ಕೆ ಹೋಗಲು ಹೊಸ ಜಾಗ, ಹೊಸ ಜನ, ಪ್ರೊಬೇಷನ್ ಎಲ್ಲ ಹೊತ್ತುಕೊಳ್ಳಬೇಕು. ಟೋಟಲ್ ನೋಡಿ ಅಂದಾಗ ಇದು ಯಾವುದೂ ಕಾಣುವುದಿಲ್ಲ.

ನಮ್ಮಣ್ಣನಿಗೆ ಲೆಟರ್ ತೋರಿಸಿದೆ. "ಇನ್ನೊಂದು ಕಡೆ 125 ಕೊಡ್ತಿದಾರೆ ಅಂತ ಬರಿಯೇ. ಯಾರು ಹೋಗಿ ನೋಡ್ತಾರೆ?" ಅಂದ. ಅಣ್ಣ ಒಳ್ಳೆಯವನು, ನನಗೆ ಕಡಿಮೆ ಕೊಟ್ಟರು ಅಂತ ನನಗಿಂತ ಅವನಿಗೇ ಜಾಸ್ತಿ ಸಿಟ್ಟು. ಆದರೆ ಈ ಸಲಹೆ ಕೆಟ್ಟದ್ದು. ನೋಡುವವರು ಇದ್ದಾರೆ. "ಆ ಲೆಟರ್ ಕಳಿಸಿ, ಮ್ಯಾಚ್ ಮಾಡೋಕೆ ಆಗುತ್ತಾ ನೋಡ್ತೀವಿ" ಅಂತ ಕೇಳುವುದು ಮಾಮೂಲು. ಇಲ್ಲದಿದ್ದರೆ "ಹಾಗಾದ್ರೆ ಅದನ್ನೇ ತಗೊಳ್ಳಿ, ಆಲ್ ದ ಬೆಸ್ಟ್" ಅನ್ನುತ್ತಾರೆ. ಎರಡಕ್ಕೂ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ಸೇರಬೇಕಿರುವುದು ಲೆಕ್ಕಪತ್ರದ ಕೆಲಸಕ್ಕೆ. ಕಂಪನಿಯ ಲೆಕ್ಕ ನೋಡಲು ಹೋಗುವವಳು ಮೊದಲ ಅಂಕಿಯನ್ನೇ ಸುಳ್ಳು ಬರೆದರೆ ಹೇಗೆ?

ಆ ರಾತ್ರಿ ನಾನು ಯೋಚಿಸಿದ್ದು ಒಂದೇ ವಿಷಯ. ಈ ಮೇಲ್ ಓದುವವರು ಯಾರು? ಹೆಸರಿಗೆ ಎಚ್‌ಆರ್. ಆದರೆ ಸಂಬಳ ಏರಿಸುವ ಅಧಿಕಾರ ಅವರಿಗಿಲ್ಲ. ಅವರು ಅದನ್ನು ಮ್ಯಾನೇಜರ್‌ಗೆ, ಅಲ್ಲಿಂದ ಸಂಬಳ ನಿಗದಿ ಮಾಡುವವರಿಗೆ, ಕೆಲವೊಮ್ಮೆ ಫೈನಾನ್ಸ್ ಮುಖ್ಯಸ್ಥರಿಗೆ ಕಳಿಸುತ್ತಾರೆ. ಕೊನೆಗೆ ಒಪ್ಪಿಗೆ ಕೊಡುವ ವ್ಯಕ್ತಿ ನನ್ನ ಮುಖವನ್ನೇ ನೋಡಿರುವುದಿಲ್ಲ. ಇಂಟರ್‌ವ್ಯೂನಲ್ಲಿ ನಾನು ಎಷ್ಟು ಚೆನ್ನಾಗಿ ಮಾತಾಡಿದೆ ಅನ್ನೋದು ಅವರಿಗೆ ಗೊತ್ತಿಲ್ಲ. ಹಾಗಾಗಿ ಮೇಲ್ ಹೇಗಿರಬೇಕೆಂದರೆ, ಎಚ್‌ಆರ್ ಅದನ್ನು ಒಂದು ಪದವೂ ಸೇರಿಸದೆ ಫಾರ್ವರ್ಡ್ ಮಾಡುವಂತಿರಬೇಕು. "ನನಗೆ ಬೇಸರವಾಯಿತು" ಅನ್ನುವುದನ್ನು ಯಾರಿಗೂ ಫಾರ್ವರ್ಡ್ ಮಾಡಲು ಬರುವುದಿಲ್ಲ. "ಮನೆ ಸಾಲ ಇದೆ" ಅನ್ನುವುದೂ ಅಷ್ಟೇ. ನಿಜವಾದ ಕಷ್ಟವೇ ಇರಬಹುದು, ಆದರೆ ಅದನ್ನು ಇಟ್ಟುಕೊಂಡು ಯಾರೂ ಸಂಬಳಕ್ಕೆ ಸಹಿ ಹಾಕುವುದಿಲ್ಲ. ಕೆಲಸಕ್ಕೆ ಸಂಬಂಧಿಸಿದ ಕಾರಣ ಬೇಕು, ಒಂದು ಅಂಕಿ ಬೇಕು.

ಅಂಕಿ ಯಾವುದು? 120 ಅಂತಲೇ ಹಿಡಿದು ಕೂರಬಹುದಿತ್ತು. ಆದರೆ 105ರಿಂದ 120 ಅಂದರೆ ನೂರಕ್ಕೆ ಹದಿನಾಲ್ಕು ಜಾಸ್ತಿ. ಒಂದು ಹುದ್ದೆಗೆ ನಿಗದಿಯಾದ ಸಂಬಳದ ಮಿತಿ, ಅಂದರೆ ಬ್ಯಾಂಡ್‌ನೊಳಗೆ ಅಷ್ಟು ದೊಡ್ಡ ಜಿಗಿತ ಸಿಗುವುದು ಕಷ್ಟ. ಇದೇ ಅನುಭವದ, ಇದೇ ಹುದ್ದೆಯ ಬೇರೆ ಜಾಹೀರಾತುಗಳನ್ನು ನೋಡಿದೆ. ಇದೇ ಕೆಲಸ ಮಾಡುವ ಗೆಳತಿಯರನ್ನು ಕೇಳಿದೆ. ಹೆಚ್ಚಿನವು 110ರಿಂದ 120ರ ನಡುವೆ ಇದ್ದವು. ಹಾಗಾಗಿ 116 ಎಂದು ತೀರ್ಮಾನಿಸಿದೆ. ಆಫರ್‌ಗಿಂತ ನೂರಕ್ಕೆ ಹತ್ತರಷ್ಟು ಮೇಲೆ, ಮಾರುಕಟ್ಟೆಯ ಒಳಗೆ. 110ಕ್ಕಿಂತ ಕಡಿಮೆ ಬಂದರೆ ಇದ್ದಲ್ಲೇ ಇರುವುದು ಎಂದು ನನ್ನ ಮಟ್ಟಿಗೆ ಗುರುತು ಹಾಕಿಕೊಂಡೆ. ಅದನ್ನು ಯಾರಿಗೂ ಹೇಳಲಿಲ್ಲ.

ಮೇಲ್ ಹೀಗಿತ್ತು:

"ನಮಸ್ಕಾರ,

ಆಫರ್‌ಗೆ ಧನ್ಯವಾದಗಳು. ವೇರಿಯಬಲ್ ಬಗ್ಗೆ ಅಷ್ಟು ಬೇಗ ವಿಚಾರಿಸಿ ತಿಳಿಸಿದ್ದಕ್ಕೂ ಥ್ಯಾಂಕ್ಸ್. ಮ್ಯಾನೇಜರ್ ಜೊತೆ ಮಾತಾಡಿದ ಮೇಲೆ ಈ ಟೀಮ್ ಸೇರಬೇಕು ಅನ್ನೋ ಆಸೆ ಗಟ್ಟಿಯಾಗಿದೆ.

ಫಿಕ್ಸೆಡ್ ಸಂಬಳದ ಬಗ್ಗೆ ಒಂದು ಕೋರಿಕೆ. ಈಗಿನ 105ನ್ನು 116 ಮಾಡಲು ಸಾಧ್ಯವೇ? ನಿಮ್ಮಲ್ಲಿ ತಿಂಗಳ ಲೆಕ್ಕ ಮುಗಿಸಲು ಹತ್ತು ದಿನ ಹಿಡಿಯುತ್ತಿದೆ, ಅದನ್ನು ಕಡಿಮೆ ಮಾಡುವುದೇ ಈ ಹುದ್ದೆಯ ಮೊದಲ ಕೆಲಸ ಎಂದು ಮ್ಯಾನೇಜರ್ ಹೇಳಿದ್ದರು. ಈಗಿನ ಕೆಲಸದಲ್ಲಿ ನಾನು ಇದನ್ನೇ ಒಂಬತ್ತು ದಿನದಿಂದ ಐದಕ್ಕೆ ಇಳಿಸಿದ್ದೇನೆ. ಇದೇ ಜವಾಬ್ದಾರಿಯ ಹುದ್ದೆಗಳಿಗೆ ನಾನು ನೋಡಿದ ಫಿಕ್ಸೆಡ್ ಸಂಬಳ 110ರಿಂದ 120ರಷ್ಟಿದೆ.

ಈಗ ಹೊರಟರೆ, ಎರಡು ತಿಂಗಳಲ್ಲಿ ಬರಬೇಕಾದ 8ರ ಬೋನಸ್ ಬಿಟ್ಟು ಬರುತ್ತೇನೆ. ಬ್ಯಾಂಡ್ ಕಾರಣದಿಂದ ಫಿಕ್ಸೆಡ್‌ನಲ್ಲಿ ಪೂರ್ತಿ ಆಗದಿದ್ದರೆ, ಸ್ವಲ್ಪ ಭಾಗವನ್ನು ಜಾಯ್ನಿಂಗ್ ಬೋನಸ್ ಮೂಲಕ ಕೊಡುವ ದಾರಿ ಇದ್ದರೂ ಮಾತಾಡೋಣ.

ಇದು ಹೊಂದಿಕೆಯಾದರೆ, ಪರಿಷ್ಕೃತ ಲೆಟರ್ ಬಂದ ದಿನವೇ ಸಹಿ ಹಾಕಿ ಕಳಿಸುತ್ತೇನೆ. ಬೇಕಾದರೆ ನಾಳೆ ಫೋನಿನಲ್ಲಿ ಮಾತಾಡಲು ಸಿಗುತ್ತೇನೆ."

ಇಷ್ಟೇ. ಜಾಯ್ನಿಂಗ್ ಬೋನಸ್ ಮಾತು ಯಾಕೆ ಅಂದರೆ, ಫಿಕ್ಸೆಡ್ ಏರಿಸಿದರೆ ಕಂಪನಿಗೆ ಅದು ಪ್ರತಿ ವರ್ಷದ ಖರ್ಚು. ಮುಂದಿನ ಇನ್‌ಕ್ರಿಮೆಂಟ್ ಕೂಡ ಅದರ ಮೇಲೆಯೇ ಲೆಕ್ಕ ಆಗುತ್ತದೆ. ಟೀಮಿನಲ್ಲಿ ಈಗಾಗಲೇ ಇರುವವರ ಸಂಬಳದ ಜೊತೆ ಹೋಲಿಕೆಯೂ ಬರುತ್ತದೆ. ಜಾಯ್ನಿಂಗ್ ಬೋನಸ್ ಒಂದು ಸಲದ ಖರ್ಚು, ಬ್ಯಾಂಡ್ ಮುರಿಯುವುದಿಲ್ಲ. ಪ್ರತಿ ವರ್ಷವೂ ಬರುತ್ತದೆ ಅನ್ನುವ ಕಾರಣಕ್ಕೇ ನನಗೆ ಫಿಕ್ಸೆಡ್ ಮುಖ್ಯ. ಹಾಗಾಗಿ ಅದನ್ನು ಮೊದಲು ಕೇಳಿ, ಬೋನಸ್ಸನ್ನು ಎರಡನೆಯದಾಗಿ ಇಟ್ಟೆ. ಎಷ್ಟು ಫಿಕ್ಸೆಡ್‌ಗೆ ಒಪ್ಪುತ್ತೇನೆ ಅನ್ನುವ ಎರಡನೇ ಅಂಕಿ ಬರೆಯಲಿಲ್ಲ. ಬರೆದಿದ್ದರೆ ಮಾತುಕತೆ ಅಲ್ಲಿಂದಲೇ ಶುರುವಾಗುತ್ತಿತ್ತು.

ಲೆಟರ್ ಬಂದ ದಿನವೇ ಸಹಿ ಹಾಕುತ್ತೇನೆ ಅನ್ನುವ ಸಾಲಿನ ಮೇಲೆ ನನಗೆ ತುಂಬಾ ನಂಬಿಕೆ ಇತ್ತು. ಏರಿಸಿಕೊಟ್ಟ ಮೇಲೂ ಅಭ್ಯರ್ಥಿ ಮತ್ತೊಂದು ಕೇಳುತ್ತಾರೆ, ಅಥವಾ ಆ ಲೆಟರ್ ಹಿಡಿದು ಹಳೇ ಕಂಪನಿಯಲ್ಲೇ ಸಂಬಳ ಏರಿಸಿಕೊಳ್ಳುತ್ತಾರೆ ಅನ್ನುವ ಭಯ ಎಚ್‌ಆರ್‌ಗೆ ಸದಾ ಇರುತ್ತದೆ. ಮೇಲಿನವರ ಹತ್ತಿರ ಹೋಗಿ ವಾದ ಮಾಡಿ, ಕೊನೆಗೆ ಆಸಾಮಿಯೇ ಬರದಿದ್ದರೆ ಅವರ ಮಾತಿಗೆ ಬೆಲೆ ಇರುವುದಿಲ್ಲ. ಇಷ್ಟಾದರೆ ಬರುತ್ತಾರೆ ಅನ್ನುವುದು ಬರಹದಲ್ಲಿದ್ದರೆ ಅವರಿಗೆ ಧೈರ್ಯ.

ಮೂರನೇ ದಿನ ಫೋನ್ ಬಂತು. ಫಿಕ್ಸೆಡ್ 112, ಜಾಯ್ನಿಂಗ್ ಬೋನಸ್ 8. "ನಿಮ್ಮ ಮೇಲ್ ಹಾಗೇ ಮೇಲಕ್ಕೆ ಕಳಿಸಿದೆ ಮೇಡಂ, ನಾನು ಏನೂ ಬರೀಬೇಕಾಗಲಿಲ್ಲ" ಅಂದರು. ಟೋಟಲ್ ನೋಡಿ ಅಂದವರೂ ಇವರೇ, ನನ್ನ ಪರವಾಗಿ ಓಡಾಡಿದವರೂ ಇವರೇ. ಮೊದಲ ದಿನ ಅವರು ಮಾಡಿದ್ದು ಅವರ ಕೆಲಸ ಅಂತ ಈಗ ಅನ್ನಿಸುತ್ತದೆ, ಆದರೂ ಆ ಮಾತು ಸರಿ ಅಂತ ನಾನು ಒಪ್ಪುವುದಿಲ್ಲ. ಮೊದಲ ಕೆಲಸಕ್ಕೆ ಸೇರುವ ಹುಡುಗಿಗೂ ಅವರು ಅದೇ ಮಾತು ಹೇಳುತ್ತಾರೆ. ಅವಳು ಕೊನೆಯ ಸಾಲು ನೋಡಿ ಖುಷಿಯಿಂದ ಸಹಿ ಹಾಕುತ್ತಾಳೆ. ಮೊದಲ ತಿಂಗಳ ಸಂಬಳ ಬಂದಾಗ ಎಲ್ಲೋ ಲೆಕ್ಕ ತಪ್ಪಿದೆ ಅಂದುಕೊಳ್ಳುತ್ತಾಳೆ.

ಪರಿಷ್ಕೃತ ಲೆಟರ್ ಕೈಗೆ ಬರುವವರೆಗೆ ನಾನು ರಾಜೀನಾಮೆ ಕೊಡಲಿಲ್ಲ. ಬಂದದ್ದರಲ್ಲಿ, ಒಂದು ವರ್ಷದೊಳಗೆ ಬಿಟ್ಟರೆ ಜಾಯ್ನಿಂಗ್ ಬೋನಸ್ ವಾಪಸ್ ಕೊಡಬೇಕು ಅನ್ನುವ ಷರತ್ತಿತ್ತು. ಸಾಮಾನ್ಯವಾಗಿ ಇರುವುದೇ. ಆ ಹಣವನ್ನು ವರ್ಷ ತುಂಬುವವರೆಗೆ ಮುಟ್ಟುವುದಿಲ್ಲ.

ಇನ್ನೊಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಮೇಲ್ ಬರೆಯುವಾಗ ಸೌಮ್ಯವಾಗಿದೆಯಾ, ಸೌಮ್ಯವಾಗಿದೆಯಾ ಅಂತ ಮತ್ತೆ ಮತ್ತೆ ಓದಿದೆ. ಸಂಶೋಧಕರಾದ ಹನ್ನಾ ರೈಲಿ ಬೋಲ್ಸ್, ಲಿಂಡಾ ಬ್ಯಾಬ್‌ಕಾಕ್ ಮತ್ತು ಲೇ ಲಾಯ್ 2007ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೆಚ್ಚು ಸಂಬಳ ಕೇಳಿದ ಹೆಂಗಸರ ಜೊತೆ ಕೆಲಸ ಮಾಡಲು ಜನ ಹಿಂಜರಿದಿದ್ದರು. ಗಂಡಸರು ಕೇಳಿದಾಗ ಆ ಹಿಂಜರಿಕೆ ಅಷ್ಟಿರಲಿಲ್ಲ. ಅಂದರೆ ನನ್ನ ಆತಂಕ ಸುಮ್ನೆ ಹುಟ್ಟಿದ್ದಲ್ಲ. ಅಣ್ಣ ಹೋದ ವರ್ಷ ಕೆಲಸ ಬದಲಿಸಿದಾಗ ಎರಡೇ ಸಾಲು ಬರೆದಿದ್ದ. "ಇಷ್ಟು ಕಡಿಮೆ ಆಯ್ತು, ಇಷ್ಟು ಕೊಡಿ" ಅಂತ. ಕೊಟ್ಟರು. ಅವನು ಆ ಮೇಲ್ ಎರಡನೇ ಸಲ ಓದಿಯೂ ಇರಲಿಕ್ಕಿಲ್ಲ. ನನ್ನ ಮೇಲ್‌ನಲ್ಲಿದ್ದ ಪ್ರೀತಿ ನಿಜವಾದದ್ದೇ, ಆ ಟೀಮ್ ನನಗೆ ಇಷ್ಟವಾಗಿದೆ. ಆದರೆ ಪ್ರೀತಿಯಿಂದ ಬರೆಯದಿದ್ದರೆ ನಾನು ಕಳೆದುಕೊಳ್ಳಬಹುದಾಗಿದ್ದದ್ದು ಅವನಿಗಿಂತ ಜಾಸ್ತಿ. ಅದು ನ್ಯಾಯವಲ್ಲ, ಅಲ್ವಾ? ಇದನ್ನು ಅಣ್ಣನಿಗೆ ಹೇಳಿದೆ. "ಹೌದಾ? ನಂಗೆ ಯಾವತ್ತೂ ಹೊಳೆದೇ ಇರ್ಲಿಲ್ಲ ಕಣೇ" ಅಂದ.