ರೇಟ್ ಕೇಳಿದವರಿಗೆ ಮಷೀನ್, ನುಸಿ ಅಂದವರಿಗೆ ಮನುಷ್ಯ

“ಅಕ್ಕಾ, ನನಗ ಇದರಾಗ ಏನೂ ಗೊತ್ತಿಲ್ರಿ. ಫೇಸ್‌ಬುಕ್ಕು, ವಾಟ್ಸಾಪು ಎಲ್ಲಾ ಆಟೋಮ್ಯಾಟಿಕ್ ಮಾಡಬಹುದಂತಲ್ರಿ. ಯಾವುದು ಅದಕ್ಕ ಬಿಡಬೇಕು, ಯಾವುದು ನಾವೇ ನೋಡಬೇಕು?”

ಕಲಬುರಗಿಯಲ್ಲಿ ನಾನು ಪೇಜ್ ನೋಡಿಕೊಳ್ಳುವ ಅಂಗಡಿಗಳಲ್ಲಿ ಒಂದು ತೊಗರಿ ಬೇಳೆಯದು. ಹೀಗೆ ಕೇಳುವ ಹೊಸಬರಿಗೆ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಆಟೋಮೇಷನ್ ಅಂದರೆ ನಾವು ಮೊದಲೇ ಬರೆದಿಟ್ಟ ಮಾತನ್ನು ಅದು ತಾನಾಗಿ ಕಳಿಸುವುದು. ಹೇಳಿದ ಹೊತ್ತಿಗೆ ಕಳಿಸುತ್ತದೆ, ಇಲ್ಲವೇ ಹೇಳಿದ ಪದ ಕಂಡಾಗ ಕಳಿಸುತ್ತದೆ. ಸಣ್ಣ ಅಂಗಡಿಯ ಮಟ್ಟಿಗೆ ಇಷ್ಟು ತಿಳಿದರೆ ಸಾಕು. ಹಾಗಾಗಿ ಯಾವ ಮಾತನ್ನಾದರೂ ಅದಕ್ಕೆ ಕೊಡುವ ಮುಂಚೆ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಮಾತು ಯಾರಿಗೆ ಹೋದರೂ, ಯಾವ ದಿನ ಹೋದರೂ ಸರಿ ಇರುತ್ತಾ?

ಅಂಗಡಿಯ ವಿಳಾಸ, ತೆರೆಯುವ ಹೊತ್ತು, ವಾರದ ರಜೆ, ಎಷ್ಟೆಷ್ಟು ಕೆಜಿ ಪ್ಯಾಕೆಟ್ ಸಿಗುತ್ತವೆ, ಬೇಳೆಗೆ ಎಣ್ಣೆ ಹಚ್ಚಿದ್ದಾ ಇಲ್ವಾ ಅನ್ನುವುದು – ಇವು ದಿನವೂ ಬದಲಾಗುವುದಿಲ್ಲ. ಇವನ್ನು ಧೈರ್ಯವಾಗಿ ಬಿಡಬಹುದು. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಹೊಸಬರು ಮೊದಲ ಸಲ ಬರೆದಾಗ, ಅಥವಾ ಹಳಬರು 14 ದಿನ ಮಾತಿಲ್ಲದೆ ಮತ್ತೆ ಬರೆದಾಗ, ಒಂದು ಸ್ವಾಗತದ ಮಾತು ತಾನೇ ಹೋಗುತ್ತದೆ. ಅಂಗಡಿ ಮುಚ್ಚಿದ ಮೇಲೆ ಹೋಗಲು ಇನ್ನೊಂದು ಮಾತು ಬರೆದಿಡಬಹುದು. ಆದರೆ ಈ ಎರಡನೆಯದು ನಿಮ್ಮ ಫೋನಿಗೆ ನೆಟ್ ಇದ್ದರೆ ಮಾತ್ರ ಹೋಗುತ್ತದೆ. ಬೇಳೆ ಅಂಗಡಿಯ ಮಾಲೀಕರು ರಾತ್ರಿ ಡೇಟಾ ಆಫ್ ಮಾಡಿ ಮಲಗುತ್ತಿದ್ದರು. ಒಂದು ವಾರ ಯಾರಿಗೂ ಉತ್ತರ ಹೋಗಿರಲಿಲ್ಲ.

ಆ ರಾತ್ರಿಯ ಮಾತಿನಲ್ಲಿ “ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿ ತೆರೆಯುತ್ತೇವೆ, ಆಮೇಲೆ ನಾವೇ ಉತ್ತರ ಕೊಡುತ್ತೇವೆ” ಅಂತ ಬರೆದಿಡಿ. “ನಿಮ್ಮ ಆರ್ಡರ್ ಬಂತು” ಅಂತ ಬರೆಯಬೇಡಿ. ಆ ಮನುಷ್ಯ ಆರ್ಡರ್ ಕೊಟ್ಟಿದ್ದಾನೋ, ಸುಮ್ನೆ ವಿಚಾರಿಸಿದ್ದಾನೋ ಆ್ಯಪ್‌ಗೆ ಗೊತ್ತಿಲ್ಲ.

ಮುಂಚೆಯೇ ಹೊತ್ತು ಹಾಕಿಡುವ ಪೋಸ್ಟ್‌ಗಳದ್ದೂ ಇದೇ ಲೆಕ್ಕ. ಡಬ್ಬಿಯಲ್ಲಿ ಬೇಳೆ ಹೇಗೆ ಇಡಬೇಕು, 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್ ಸಿಕ್ಕ ವಿಷಯ – ಇಂಥವನ್ನು ಭಾನುವಾರ ಕೂತು ವಾರಕ್ಕಾಗುವಷ್ಟು ಹಾಕಿಬಿಡಬಹುದು. ರೇಟ್ ಮಾತ್ರ ಬೇಡ. ಸೋಮವಾರ ಬರೆದ ರೇಟ್ ಗುರುವಾರ ಹೊರಬಿದ್ದರೆ, ಅಷ್ಟರಲ್ಲಿ ಎಪಿಎಂಸಿಯಲ್ಲಿ ತೊಗರಿ ಏರಿರಬಹುದು. ಗಿರಾಕಿ ಪೋಸ್ಟ್ ತೋರಿಸಿ ಅದೇ ರೇಟಿಗೆ ಕೊಡಿ ಅಂತಾರೆ. ಅವರು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಹಬ್ಬದ ಶುಭಾಶಯದಲ್ಲಿ ಹೊಸಬರು ಎಡವುವುದು ಜಾಸ್ತಿ. ಗಣರಾಜ್ಯೋತ್ಸವದ ತಾರೀಖು ಬದಲಾಗುವುದಿಲ್ಲ, ಹಾಕಿಡಬಹುದು. ರಂಜಾನ್ ಈದ್ ಹಾಗಲ್ಲ. ಚಂದ್ರ ಕಂಡರೆ ನಾಳೆ, ಕಾಣದಿದ್ದರೆ ನಾಡಿದ್ದು. ಕ್ಯಾಲೆಂಡರ್ ನೋಡಿ ತಾರೀಖು ಹಾಕಿಟ್ಟರೆ, ಜನ ಇನ್ನೂ ಉಪವಾಸದಲ್ಲಿರುವಾಗಲೇ ನಿಮ್ಮ ಪೇಜ್ ಈದ್ ಮುಬಾರಕ್ ಅನ್ನುತ್ತದೆ. ಬಂದೇ ನವಾಜ್ ದರ್ಗಾ ಇರುವ ಊರು ನಮ್ಮದು, ಇಂಥದ್ದು ಇಲ್ಲಿ ಎದ್ದು ಕಾಣುತ್ತದೆ. ಪೋಸ್ಟ್ ತಯಾರು ಮಾಡಿ ಡ್ರಾಫ್ಟ್‌ನಲ್ಲಿಡಿ. ಚಂದ್ರ ಕಂಡ ಸುದ್ದಿ ಬಂದ ಮೇಲೆ ನಿಮ್ಮ ಕೈಯಿಂದಲೇ ಬಿಡಿ.

ಈಗ ನನ್ನಿಂದಲೇ ಆದ ತಪ್ಪಿಗೆ ಬರುತ್ತೇನೆ.

ಪೇಜಿನಲ್ಲಿ ದಿನಕ್ಕೆ ಇಪ್ಪತ್ತು ಜನ ರೇಟ್ ಕೇಳುತ್ತಿದ್ದರು. ಯಾರಾದರೂ ಕಮೆಂಟಿನಲ್ಲಿ “ರೇಟ್” ಅಂತ ಬರೆದರೆ ತಾನೇ ಉತ್ತರ ಹೋಗುವ ಹಾಗೆ ಮಾಡಿದೆ. ನಮ್ಮ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಹತ್ತು ರೀತಿ ಬರೆಯುತ್ತಾರೆ. ಅದಕ್ಕೆ `rate`, `ret`, `estu`, `yeshtu`, `byali` ಎಲ್ಲವನ್ನೂ ಸೇರಿಸಿದೆ. ಉತ್ತರ ಹೀಗಿತ್ತು: “ಧನ್ಯವಾದ! ಶುದ್ಧ ಕಲಬುರಗಿ ಬೇಳೆ. ಇಂದಿನ ರೇಟಿಗೆ ಕರೆ ಮಾಡಿ, ಈಗಲೇ ಆರ್ಡರ್ ಮಾಡಿ.”

ಎರಡು ವಾರ ಚೆನ್ನಾಗಿ ನಡೆಯಿತು. ಒಂದು ದಿನ ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಬರೆದರು: “Byali tumba nusi avari, rate byare jasti tagondri.” ಬೇಳೆ ತುಂಬ ನುಸಿ, ಮೇಲೆ ರೇಟೂ ಜಾಸ್ತಿ ತಗೊಂಡಿದ್ದೀರಿ ಅಂತ. ಅದರಲ್ಲಿ `byali` ಇತ್ತು, `rate` ಇತ್ತು. ನುಸಿಯ ಮಾತಿನ ಕೆಳಗೇ “ಧನ್ಯವಾದ! ಶುದ್ಧ ಕಲಬುರಗಿ ಬೇಳೆ” ಅಂತ ಹೋಯಿತು. ನಾನು ನೋಡಿದ್ದು ಸಂಜೆ. ಅಷ್ಟರಲ್ಲಿ ಆರು ಜನ ಆಕೆಯ ಪರವಾಗಿ ಬರೆದಿದ್ದರು. ಅವರ ಸಿಟ್ಟು ನುಸಿಗಿಂತ ಆ ಉತ್ತರದ ಮೇಲೆ ಇತ್ತು.

ಮಷೀನ್ ಪದ ನೋಡುತ್ತದೆ. ಕೇಳುತ್ತಿದ್ದಾರೋ, ದೂರುತ್ತಿದ್ದಾರೋ ಅನ್ನುವುದನ್ನು ಪದ ಹೇಳುವುದಿಲ್ಲ. ಈಗ ಎಲ್ಲರಿಗೂ ಕಾಣುವ ಕಮೆಂಟಿಗೆ ತಾನೇ ಹೋಗುವ ಉತ್ತರ ನಾನು ಇಡುವುದಿಲ್ಲ. ಇನ್‌ಬಾಕ್ಸ್‌ನಲ್ಲಿ ಮಾತ್ರ ಇಡುತ್ತೇನೆ, ಅದೂ `byali` ತರಹದ ಅಗಲವಾದ ಪದ ಬಿಟ್ಟು. ಉತ್ತರದಲ್ಲಿ ಧನ್ಯವಾದ, ಶುದ್ಧ, ಆರ್ಡರ್ ಮಾಡಿ ಇಂಥ ಮಾತು ತೆಗೆದೆ. “ದಿನದ ರೇಟಿಗೆ ಈ ನಂಬರಿಗೆ ಕರೆ ಮಾಡಿ. ಬೇರೆ ಏನೇ ಇದ್ದರೂ ಇಲ್ಲೇ ಬರೆಯಿರಿ, ನಾವು ಓದುತ್ತೇವೆ” ಅಂತ ಇದೆ. ಇದು ದೂರು ಕೊಟ್ಟವರಿಗೆ ಹೋದರೂ ನೋವಾಗುವುದಿಲ್ಲ.

ಆಗ ಮಾಲೀಕರ ಮಗ ಒಂದು ಉಪಾಯ ಹೇಳಿದ. “ಬ್ಲಾಕ್ ಮಾಡೋ ಪದಗಳ ಪಟ್ಟಿಗೆ ನುಸಿ ಅಂತ ಹಾಕಿಬಿಡೋಣ ಅಕ್ಕಾ, ಅಂಥ ಕಮೆಂಟ್ ಕಾಣೋದೇ ಇಲ್ಲ.” ಬೈಗುಳಕ್ಕೆ, ಸಾಲ ಕೊಡುತ್ತೇವೆ ಅನ್ನುವ ಮೋಸದ ಲಿಂಕಿಗೆ ಆ ಪಟ್ಟಿ ಒಳ್ಳೆಯದು. ದೂರಿಗೆ ಅಲ್ಲ. ಫೇಸ್‌ಬುಕ್ ಪೇಜಿನಲ್ಲಿ ಹಾಗೆ ಮುಚ್ಚಿಟ್ಟ ಕಮೆಂಟ್ ಬರೆದವರಿಗೂ ಅವರ ಫ್ರೆಂಡ್ಸ್‌ಗೂ ಕಾಣುತ್ತಲೇ ಇರುತ್ತದೆ. ಆಕೆಯ ಓಣಿಯವರು, ನೆಂಟರು ಅದನ್ನು ಓದುತ್ತಾರೆ, ಯಾರೂ ಉತ್ತರ ಕೊಟ್ಟಿಲ್ಲ ಅನ್ನುವುದನ್ನೂ ನೋಡುತ್ತಾರೆ. ನಾವು ಮಾತ್ರ ಗಮನಿಸದೆ ಬಿಟ್ಟುಬಿಡುತ್ತೇವೆ. ನುಸಿಯ ಸುದ್ದಿ ಮೊದಲು ತಲುಪಬೇಕಾದವರು ಬೇಳೆ ಮಾರುವವರೇ ಅಲ್ವಾ?

ಆವತ್ತು ಸಂಜೆ ಆ ಆಟೋಮ್ಯಾಟಿಕ್ ಉತ್ತರವನ್ನು ಅಳಿಸಿ, ಅದೇ ಕಮೆಂಟಿನ ಕೆಳಗೆ ಕ್ಷಮೆ ಕೇಳಿ ಬರೆದೆ. ಇನ್‌ಬಾಕ್ಸ್‌ನಲ್ಲಿ ಆಕೆಯ ನಂಬರ್ ಕೇಳಿ ಪಡೆದು ಮಾಲೀಕರಿಗೆ ಕೊಟ್ಟೆ. ಅವರು ಫೋನ್ ಮಾಡಿ ಎರಡೇ ಮಾತು ಕೇಳಿದರು: “ಯಾವಾಗ ತಗೊಂಡಿದ್ರಿ ತಾಯಿ, ಪ್ಯಾಕೆಟ್ ಮ್ಯಾಲ ತಾರೀಖು ಏನದ?” ಮಳೆಗಾಲದ ಮುಂಚೆ ತುಂಬಿದ ಪ್ಯಾಕೆಟ್ ಅದು. ಅದೇ ತಾರೀಖಿನ ಇನ್ನೂ ಹದಿನಾಲ್ಕು ಪ್ಯಾಕೆಟ್ ಅಂಗಡಿಯಲ್ಲಿದ್ದವು. ಒಂದನ್ನು ಒಡೆದು ಮೊರದಲ್ಲಿ ಹರಡಿ ನೋಡಿದರು, ಅದರಲ್ಲೂ ನುಸಿ ಇತ್ತು. ಆಕೆಗೆ ಹೊಸ ಬೇಳೆ ಮನೆಗೆ ಕಳಿಸಿದರು. ಉಳಿದ ಹದಿಮೂರನ್ನು ಮಾರುವುದಿಲ್ಲ ಅಂತ ಅಲ್ಲೇ ತೀರ್ಮಾನ ಮಾಡಿ, ಕಪಾಟಿನಿಂದ ಕೆಳಗಿಳಿಸಿದರು.